ಶಾಸನದ ಮುಂದೆ ಕ್ಯಾಮೆರಾ: ಅನುಮತಿ ಪತ್ರ ಬರೆಯುವ ಬಗೆ

ನಮ್ಮ ಕಾಲೇಜಿನ ಐದು ಜನ ವಿದ್ಯಾರ್ಥಿಗಳು ಸೇರಿ ಹತ್ತು ನಿಮಿಷದ ಒಂದು ಸಾಕ್ಷ್ಯಚಿತ್ರ ಮಾಡಲು ಹೊರಟಿದ್ದೇವೆ. ಮೂವರು ಹುಡುಗರು, ಇಬ್ಬರು ಹುಡುಗಿಯರು. ಕಾಮರ್ಸ್ ಓದುತ್ತಿದ್ದರೂ ನಮಗೆ ಇತಿಹಾಸ ಒಂದು ವಿಷಯ. ಶಾಸನಗಳ ಪಾಠ ಮಾಡುವಾಗ ನಮ್ಮ ಇತಿಹಾಸದ ಸರ್, "ಹಂಪಿಗೆ ಹೋಗುವುದು ಆಮೇಲೆ ಇರಲಿ, ನಿಮ್ಮ ತಾಲ್ಲೂಕಿನಲ್ಲೇ ಇರುವುದನ್ನು ಮೊದಲು ನೋಡಿರಿ" ಅಂದಿದ್ದರು. ಅವರು ಹೇಳಿದ್ದು ಚೌಡಯ್ಯದಾನಪುರದ ಬಗ್ಗೆ. ತುಂಗಭದ್ರೆಯ ದಡದ ಈ ಊರು ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತಿದೆ. ಅಲ್ಲಿನ ಮುಕ್ತೇಶ್ವರ ದೇವಾಲಯ ಕಲ್ಯಾಣ ಚಾಲುಕ್ಯರ ಕಾಲದ ಶೈಲಿಯದು. ಆವರಣದ ಶಾಸನ ಕಲ್ಲುಗಳಲ್ಲಿ ಗುತ್ತಲದ ಗುತ್ತ ಅರಸರ ವಿಷಯ ಇದೆ. ವಸುಂಧರಾ ಫಿಲಿಯೋಜಾ ಅವರು ಈ ಒಂದೇ ದೇವಾಲಯದ ಮೇಲೆ ಇಡೀ ಪುಸ್ತಕ ಬರೆದಿದ್ದಾರೆ.

ಚಿತ್ರ ಇನ್ನೂ ಆಗಿಲ್ಲ. ಆಗಿರುವುದು ಅನುಮತಿ ಪತ್ರ. ಅದನ್ನು ಬರೆಯಲು ನಮಗೆ ಎರಡು ವಾರ ಹಿಡಿಯಿತು. ಪತ್ರ ಒಂದೇ ಪುಟದ್ದು, ಆದರೆ ಅದರ ಒಂದೊಂದು ಸಾಲಿನ ಹಿಂದೆ ಒಂದೊಂದು ತೀರ್ಮಾನ ಇದೆ. ಮುಂದಿನ ವರ್ಷ ಬೇರೆ ತಂಡ ಹಾವೇರಿಯ ಸಿದ್ಧೇಶ್ವರಕ್ಕೋ ಬಂಕಾಪುರದ ನಗರೇಶ್ವರಕ್ಕೋ ಗಳಗನಾಥಕ್ಕೋ ಹೋಗಬಹುದು. ಅವರಿಗೆ ಉಪಯೋಗವಾಗಲಿ ಎಂದು ನಾವು ತಿಳಿದುಕೊಂಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಬೋರ್ಡು ಓದಿ

ಹಳೆಯ ಗುಡಿ, ಕೋಟೆ, ಮಸೀದಿ, ಬಾವಿ ಎಲ್ಲವೂ ಒಂದೇ ಇಲಾಖೆಯ ಕೈಯಲ್ಲಿ ಇರುವುದಿಲ್ಲ. ಕೆಲವು ಕೇಂದ್ರ ಸರ್ಕಾರದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವು. ಇದನ್ನು ಎಲ್ಲರೂ ಎಎಸ್‌ಐ ಎನ್ನುತ್ತಾರೆ. ಕೆಲವು ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯವು. ಅದರ ಮುಖ್ಯ ಕಚೇರಿ ಮೈಸೂರಿನಲ್ಲಿದೆ. ಇನ್ನು ಕೆಲವು ಮುಜರಾಯಿ ಇಲಾಖೆಗೆ, ವಕ್ಫ್‌ಗೆ ಅಥವಾ ಊರಿನವರಿಗೇ ಸೇರಿದವು. ರಾಜ್ಯ ಇಲಾಖೆಯ ಸ್ಮಾರಕಕ್ಕೆ ಎಎಸ್‌ಐ ಕಚೇರಿಗೆ ಪತ್ರ ಬರೆದರೆ ಆ ಕಚೇರಿ ಮಾಡಬಹುದಾದ್ದು ಏನೂ ಇಲ್ಲ. ಇಂಥ ಪತ್ರ ತಿರಸ್ಕಾರವೂ ಆಗುವುದಿಲ್ಲ, ಮಂಜೂರೂ ಆಗುವುದಿಲ್ಲ. ಸುಮ್ಮನೆ ಕಡತದಲ್ಲಿ ಕೂರುತ್ತದೆ, ನಾವು ಉತ್ತರಕ್ಕಾಗಿ ಕಾಯುತ್ತಲೇ ಇರುತ್ತೇವೆ.

ಯಾರದು ಎಂದು ತಿಳಿಯಲು ಸುಲಭದ ದಾರಿ ಸ್ಥಳದ ಬೋರ್ಡು. ಎಎಸ್‌ಐ ಸ್ಮಾರಕದ ಹತ್ತಿರ ನೀಲಿ ಬಣ್ಣದ ಬೋರ್ಡು ಇರುತ್ತದೆ. 1958ರ ಕಾಯ್ದೆಯಂತೆ ಇದು ರಾಷ್ಟ್ರೀಯ ಮಹತ್ವದ ಸಂರಕ್ಷಿತ ಸ್ಮಾರಕ ಎಂದೂ, ಹಾಳು ಮಾಡಿದರೆ ಶಿಕ್ಷೆ ಏನು ಎಂದೂ ಅದರಲ್ಲಿ ಬರೆದಿರುತ್ತದೆ. ರಾಜ್ಯದ ಬೋರ್ಡಿನಲ್ಲಿ 1961ರ ಕರ್ನಾಟಕದ ಕಾಯ್ದೆಯ ಹೆಸರು ಇರುತ್ತದೆ. ಚೌಡಯ್ಯದಾನಪುರದ ದೇವಾಲಯ ಎಎಸ್‌ಐ ಪಟ್ಟಿಯಲ್ಲಿದೆ, ಧಾರವಾಡ ವೃತ್ತಕ್ಕೆ ಸೇರಿದೆ. ವೃತ್ತದ ಮುಖ್ಯಸ್ಥರನ್ನು ಅಧೀಕ್ಷಕ ಪುರಾತತ್ವಜ್ಞರು ಎನ್ನುತ್ತಾರೆ. ಪತ್ರ ಅವರ ಹೆಸರಿಗಲ್ಲ, ಅವರ ಹುದ್ದೆಗೆ ಬರೆಯಬೇಕು, ಏಕೆಂದರೆ ಅಧಿಕಾರಿ ವರ್ಗವಾಗಿ ಹೋದರೂ ಹುದ್ದೆ ಅಲ್ಲೇ ಇರುತ್ತದೆ.

ಬೋರ್ಡಿನಿಂದ ಇನ್ನೊಂದು ಕೆಲಸವೂ ಆಗುತ್ತದೆ. ಈ ಊರಿನ ಹೆಸರನ್ನು ಚೌಡದಾನಪುರ, ಚೌಡಯ್ಯದಾನಪುರ, ಚೌಡಯ್ಯದಾನಾಪುರ ಎಂದು ಬೇರೆ ಬೇರೆ ಬಗೆಯಲ್ಲಿ ಬರೆಯುತ್ತಾರೆ. ಇಂಗ್ಲಿಷ್ ಅಕ್ಷರಗಳಲ್ಲಂತೂ ಇನ್ನೂ ಹೆಚ್ಚು ರೂಪಗಳಿವೆ. ಅದಕ್ಕೆ ಬೋರ್ಡಿನ ಹೆಸರನ್ನು ಅಕ್ಷರ ಬಿಡದೆ ಬರೆದುಕೊಂಡು, ಗ್ರಾಮ, ತಾಲ್ಲೂಕು, ಜಿಲ್ಲೆ ಮೂರನ್ನೂ ಸೇರಿಸಬೇಕು. ಎಎಸ್‌ಐ 2023ರ ಸೆಪ್ಟೆಂಬರ್ 4ರಂದು ಛಾಯಾಗ್ರಹಣ ಮತ್ತು ಚಿತ್ರೀಕರಣದ ಅನುಮತಿಗೆ ಆನ್‌ಲೈನ್ ಪೋರ್ಟಲ್ ಶುರು ಮಾಡಿದೆ. ಪೋರ್ಟಲ್‌ನಲ್ಲಿ ಅರ್ಜಿ ಹಾಕುವವರಿಗೂ ಸ್ಮಾರಕದ ಸರಿಯಾದ ಹೆಸರು ಬೇಕೇ ಬೇಕು.

ಸ್ಟ್ಯಾಂಡಿನ ಪ್ರಶ್ನೆ

ನಮ್ಮ ಎರಡು ವಾರದಲ್ಲಿ ಒಂದು ವಾರ ಹೋಗಿದ್ದು ಕ್ಯಾಮೆರಾ ಸ್ಟ್ಯಾಂಡಿನ ಮಾತಿನಲ್ಲೇ. ಮೂರು ಕಾಲಿನ ಸ್ಟ್ಯಾಂಡಿಗೆ ಇಷ್ಟು ಚರ್ಚೆ ಏಕೆ ಎಂದು ನಿಮಗೆ ಅನ್ನಿಸಬಹುದು. ಕಾರಣ 1959ರ ನಿಯಮಗಳಲ್ಲಿದೆ.

1958ರ ಕಾಯ್ದೆಯ ಅಡಿ ಮಾಡಿದ ಈ ನಿಯಮಗಳು ಎರಡು ಕೆಲಸಗಳನ್ನು ಬೇರೆ ಮಾಡುತ್ತವೆ. ಒಂದು, ಪ್ರತಿ ತೆಗೆಯುವುದು. ಚಿತ್ರ ಬರೆಯುವುದು, ಫೋಟೊ ತೆಗೆಯುವುದು, ಸಣ್ಣ ಕೈ ಕ್ಯಾಮೆರಾದಿಂದ ವಿಡಿಯೊ ಮಾಡುವುದು ಇದರಲ್ಲಿ ಬರುತ್ತವೆ. ಆದರೆ ಆ ಕ್ಯಾಮೆರಾಕ್ಕೆ ಸ್ಟ್ಯಾಂಡ್ ಬೇಕಾಗಬಾರದು, ಮುಂಚಿತವಾದ ವಿಶೇಷ ಏರ್ಪಾಡೂ ಇರಬಾರದು. ಎರಡು, ಚಿತ್ರೀಕರಣ. ಸ್ಟ್ಯಾಂಡ್ ಬೇಕಾಗುವ ಅಥವಾ ವಿಶೇಷ ಏರ್ಪಾಡು ಬೇಕಾಗುವ ಚಲನಚಿತ್ರ ಮತ್ತು ವಿಡಿಯೊ ಕೆಲಸ ಇದು. ವಿಶೇಷ ಆದೇಶ ಇಲ್ಲದ ಸ್ಮಾರಕದಲ್ಲಿ ಮೊದಲನೆಯದನ್ನು ಯಾರು ಬೇಕಾದರೂ ಮಾಡಬಹುದು. ಎರಡನೆಯದಕ್ಕೆ ನಿಗದಿತ ನಮೂನೆಯಲ್ಲಿ ಅರ್ಜಿ ಹಾಕಿ ಪರವಾನಗಿ ಪಡೆಯಬೇಕು. ನಿಯಮದಲ್ಲಿ ಆ ಅಧಿಕಾರ ಇರುವುದು ದೆಹಲಿಯ ಮಹಾನಿರ್ದೇಶಕರಿಗೆ. ಅದಕ್ಕೆ ದಿನದ ಲೆಕ್ಕದಲ್ಲಿ ಶುಲ್ಕ ಇದೆ, ಭದ್ರತಾ ಠೇವಣಿಯೂ ಇದೆ. ಸಿನಿಮಾ ಕಂಪನಿಗೆ ಅದು ದೊಡ್ಡದಲ್ಲ. ನಮ್ಮ ಐದು ಜನರ ಒಟ್ಟು ಬಂಡವಾಳ ಐದುನೂರು ರೂಪಾಯಿ, ಅದರಲ್ಲಿ ಹೋಗಿಬರುವ ಖರ್ಚೂ ಸೇರಿದೆ.

ನಿಯಮದ ಭಾಷೆ ಎಂಟು ಮಿಲಿಮೀಟರ್ ರೀಲಿನ ಕಾಲದ್ದು. ಆಗ ಮನೆಯವರು ಬಳಸುವ ಸಣ್ಣ ಕ್ಯಾಮೆರಾಕ್ಕೆ ಎಂಟು ಮಿಲಿಮೀಟರ್ ಅಗಲದ ರೀಲು ಹಾಕುತ್ತಿದ್ದರು, ಸಿನಿಮಾದವರದು ಅದಕ್ಕಿಂತ ಅಗಲ. ಇಂದಿನ ಮೊಬೈಲಿಗೆ ರೀಲೇ ಇಲ್ಲ. ಹಾಗಾಗಿ ಆ ಅಳತೆಯಿಂದ ನಮಗೆ ದಾರಿ ಕಾಣುವುದಿಲ್ಲ. ಸ್ಟ್ಯಾಂಡ್ ಮತ್ತು ವಿಶೇಷ ಏರ್ಪಾಡು ಎಂಬ ಎರಡು ಮಾತುಗಳು ಮಾತ್ರ ಇಂದಿಗೂ ನೇರವಾಗಿ ಅನ್ವಯಿಸುತ್ತವೆ. ಪ್ರವಾಸಿಗಳು ಮೊಬೈಲ್ ಹಿಡಿದು ವಿಡಿಯೊ ಮಾಡುವಾಗ ಸುಮ್ಮನಿರುವ ಕಾವಲುಗಾರರು ಸ್ಟ್ಯಾಂಡ್ ಬಿಚ್ಚಿದ ಕೂಡಲೇ ಬಂದು "ಪರ್ಮಿಶನ್ ಐತೇನು?" ಎಂದು ಕೇಳುವುದು ಇದೇ ಕಾರಣಕ್ಕೆ. ಅದು ಅವರ ಸಿಟ್ಟಲ್ಲ, ನಿಯಮ.

ನಮ್ಮ ತಂಡದಲ್ಲಿ ಸ್ಟ್ಯಾಂಡ್ ಬೇಕೇ ಬೇಕು ಎಂದವರ ವಾದ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಶಾಸನದ ಒಂದು ಸಾಲನ್ನು ನೋಡುಗರು ಓದಬೇಕಾದರೆ ಚಿತ್ರ ಅಲುಗಾಡಬಾರದು. ಆದರೆ ಲೆಕ್ಕ ಹಾಕಿ ನೋಡಿದಾಗ ದಾರಿ ಕಂಡಿತು. ಅಕ್ಷರಗಳಿಗೆ ವಿಡಿಯೊ ಬೇಕಿಲ್ಲ, ಫೋಟೊ ಸಾಕು. ಒಂದೊಂದು ಸಾಲಿನ ಫೋಟೊ ತೆಗೆದು, ಎಡಿಟಿಂಗ್‌ನಲ್ಲಿ ಅದರ ಮೇಲೆ ನಿಧಾನವಾಗಿ ಸರಿದರೆ ವಿಡಿಯೊಕ್ಕಿಂತ ಸ್ಪಷ್ಟ ಬರುತ್ತದೆ. ಕೂತು ಮಾತನಾಡುವ ಸರ್ ಅವರ ಸಂದರ್ಶನವನ್ನು ಕಾಲೇಜಿನಲ್ಲೇ ಸ್ಟ್ಯಾಂಡ್ ಹಾಕಿ ತೆಗೆಯಬಹುದು. ಆವರಣದಲ್ಲಿ ಉಳಿಯುವುದು ನಡೆದಾಡುವ ಕೆಲವು ದೃಶ್ಯಗಳು ಮಾತ್ರ, ಅವಕ್ಕೆ ಕೈ ಸಾಕು. ಹೀಗಾಗಿ ಸ್ಟ್ಯಾಂಡ್ ಬಿಟ್ಟೆವು.

ಸ್ಟ್ಯಾಂಡ್ ಇಲ್ಲವೆಂದ ಮೇಲೆ ಪತ್ರ ಏಕೆ ಎಂದು ಒಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಉತ್ತರ ಇರುವುದು ವಿಶೇಷ ಏರ್ಪಾಡು ಎಂಬ ಮಾತಿನಲ್ಲಿ. ಐದು ಜನ, ಒಬ್ಬ ಉಪನ್ಯಾಸಕರು, ಬರೆದಿಟ್ಟ ಸ್ಕ್ರಿಪ್ಟ್, ಕಾಲರ್ ಮೈಕ್, ನಾಲ್ಕು ಗಂಟೆಯ ಕೆಲಸ. ಇದು ವಿಶೇಷ ಏರ್ಪಾಡೋ ಅಲ್ಲವೋ ಎಂದು ತೀರ್ಮಾನಿಸುವುದು ನಾವಲ್ಲ, ಗೇಟಿನಲ್ಲಿ ನಿಂತ ಕಾವಲುಗಾರರೂ ಅಲ್ಲ, ಕಚೇರಿ. ನಮ್ಮ ಪತ್ರ ಕೇಳುವುದು ಅದನ್ನೇ: ನಾವು ಮಾಡುವುದು ಇಷ್ಟು, ಇಷ್ಟಕ್ಕೆ ಲಿಖಿತ ಅನುಮತಿ ಕೊಡಿ, ಇದಕ್ಕೆ ಪರವಾನಗಿ ಬೇಕು ಎಂದಾದರೆ ನಮೂನೆ ಮತ್ತು ಶುಲ್ಕ ತಿಳಿಸಿ.

ಬಿಸಿಲು, ಸುಣ್ಣ, ನೀರು

ಪತ್ರದಲ್ಲಿ ಸಮಯ ಬರೆಯಬೇಕು. ಸಮಯ ತಿಳಿಯಬೇಕಾದರೆ ಒಮ್ಮೆ ಬರಿಗೈಯಲ್ಲಿ ಹೋಗಿ ಶಾಸನದ ಮುಖ ಯಾವ ದಿಕ್ಕಿಗಿದೆ ಎಂದು ನೋಡಿಕೊಂಡು ಬರಬೇಕು.

ಕಲ್ಲಿನಲ್ಲಿ ಕೊರೆದ ಅಕ್ಷರಕ್ಕೆ ಬಣ್ಣ ಇಲ್ಲ, ಕಾಣಿಸುವುದು ಅದರ ನೆರಳು. ಬೆಳಕು ಕಲ್ಲಿಗೆ ಎದುರಿನಿಂದ ಬಿದ್ದರೆ ಗೆರೆಗಳಲ್ಲಿ ನೆರಳು ನಿಲ್ಲುವುದಿಲ್ಲ, ಇಡೀ ಕಲ್ಲು ಬೋಳಾಗಿ ಕಾಣುತ್ತದೆ. ಬೆಳಕು ಪಕ್ಕದಿಂದ ಅಥವಾ ಮೇಲಿನಿಂದ ಕಲ್ಲನ್ನು ಸವರಿಕೊಂಡು ಬಂದರೆ ಪ್ರತಿ ಗೆರೆಯಲ್ಲೂ ಕಪ್ಪು ನೆರಳು ನಿಂತು ಅಕ್ಷರ ಎದ್ದು ಬರುತ್ತದೆ. ಆದ್ದರಿಂದ ಬೆಳಗ್ಗೆ ಹೋದರೆ ಒಳ್ಳೆಯದು ಎಂಬ ಮಾತು ಎಲ್ಲ ಕಲ್ಲಿಗೂ ಸರಿಯಲ್ಲ. ಪೂರ್ವಕ್ಕೆ ಮುಖ ಮಾಡಿದ ಕಲ್ಲಿಗೆ ಬೆಳಗಿನ ಬಿಸಿಲು ನೇರ ಬೀಳುತ್ತದೆ, ಅಕ್ಷರ ಮುಚ್ಚಿಹೋಗುತ್ತದೆ. ಅದಕ್ಕೆ ಬಿಸಿಲು ಮೇಲೇರಿ ಹನ್ನೊಂದು ಗಂಟೆ ದಾಟಬೇಕು. ದಕ್ಷಿಣಕ್ಕೆ ಮುಖ ಮಾಡಿದ ಕಲ್ಲಿಗೆ ಬೆಳಗ್ಗೆಯೂ ಸಂಜೆಯೂ ಒಳ್ಳೆಯದು. ಇದು ತಿಳಿಯದೆ ಪತ್ರದಲ್ಲಿ ಒಂದು ಗಂಟೆಯ ಸಮಯ ಕೇಳಿದರೆ ಅನುಮತಿ ಸಿಕ್ಕರೂ ಅಕ್ಷರ ಸಿಗುವುದಿಲ್ಲ. ನಾವು ಬೆಳಗ್ಗೆ 8ರಿಂದ 12 ಕೇಳಿದ್ದೇವೆ. ಯಾವ ಕಲ್ಲಿಗೆ ಯಾವಾಗ ಎಂದು ಪ್ರತ್ಯೇಕ ಪಟ್ಟಿ ಮಾಡಿಕೊಂಡಿದ್ದೇವೆ.

ಅಕ್ಷರ ಕಾಣದಿದ್ದಾಗ ಜನ ಮಾಡುವ ಉಪಾಯಗಳು ಇವು: ಸೀಮೆಸುಣ್ಣ ತಿಕ್ಕುವುದು, ಹಿಟ್ಟು ಉದುರಿಸುವುದು, ನೀರು ಹಾಕಿ ಒರೆಸುವುದು, ಎಣ್ಣೆ ಸವರುವುದು. ಫೋಟೊ ಚೆನ್ನಾಗಿ ಬರುತ್ತದೆ ನಿಜ. ಆದರೆ ಪುಡಿ ಕಲ್ಲಿನ ರಂಧ್ರಗಳಲ್ಲಿ ಉಳಿಯುತ್ತದೆ. ಎಣ್ಣೆ ದೂಳನ್ನು ಹಿಡಿದು ಕಪ್ಪು ಪದರವಾಗುತ್ತದೆ. ತಿಕ್ಕಿದಷ್ಟೂ ಗೆರೆಯ ಅಂಚು ಸವೆಯುತ್ತದೆ. ನೀರು, ಎಣ್ಣೆ, ಜಿಡ್ಡು ಮುಂತಾದ ಹೊರಗಿನ ಯಾವ ವಸ್ತುವನ್ನೂ ಲಿಖಿತ ಅನುಮತಿ ಇಲ್ಲದೆ ಸ್ಮಾರಕಕ್ಕೆ ಹಚ್ಚಬಾರದು ಎಂದು ಅದೇ 1959ರ ನಿಯಮಗಳು ಹೇಳುತ್ತವೆ. ಕಾಗದ ಒತ್ತಿ ಅಚ್ಚು ತೆಗೆಯುವುದಕ್ಕೂ ಇದೇ ಮಾತು. ಕ್ಯಾಮೆರಾದ ಫ್ಲಾಶ್ ಬಿಟ್ಟು ಬೇರೆ ಕೃತಕ ದೀಪ ಬಳಸುವುದಕ್ಕೂ ಅನುಮತಿ ಬೇಕು.

ನಾವು ಒಂದು ಬಿಳಿ ಥರ್ಮೋಕೋಲ್ ಹಲಗೆ ಒಯ್ಯುತ್ತೇವೆ. ಅದನ್ನು ಕಲ್ಲಿಗೆ ತಾಗಿಸದೆ ಪಕ್ಕದಲ್ಲಿ ಕೈಯಲ್ಲಿ ಹಿಡಿದರೆ ಬಿಸಿಲು ಅದರಿಂದ ತಿರುಗಿ ಓರೆಯಾಗಿ ಕಲ್ಲಿನ ಮೇಲೆ ಬೀಳುತ್ತದೆ. ಇಷ್ಟು ಸಣ್ಣ ವಸ್ತುವನ್ನೂ ಪತ್ರದ ಪಟ್ಟಿಯಲ್ಲಿ ಬರೆದಿದ್ದೇವೆ. ಪಟ್ಟಿಯಲ್ಲಿ ಇಲ್ಲದ ವಸ್ತು ಚೀಲದಿಂದ ಹೊರಬಂದರೆ ಪಟ್ಟಿಯಲ್ಲಿರುವ ಉಳಿದ ವಸ್ತುಗಳ ಮೇಲೂ ಅನುಮಾನ ಬರುತ್ತದೆ.

ಯಾರು ಸಹಿ ಮಾಡಬೇಕು

ನಾವೇ ಐದು ಜನ ಸಹಿ ಮಾಡಿ ಕಳಿಸೋಣ ಎಂಬ ಮಾತು ಬಂದಿತ್ತು. ಇಲ್ಲಿ ಕಾಮರ್ಸ್ ಪಾಠ ಕೆಲಸಕ್ಕೆ ಬಂತು. ಅನುಮತಿ ಅಂದರೆ ಬರಿ ಹೂಂ ಅನ್ನುವುದಲ್ಲ, ಅದರ ಜೊತೆ ಷರತ್ತುಗಳು ಇರುತ್ತವೆ. ಷರತ್ತು ಮುರಿದರೆ, ಏನಾದರೂ ಹಾಳಾದರೆ ಯಾರು ಹೊಣೆ ಎಂಬ ಪ್ರಶ್ನೆ ಬರುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯಂತೆ ಹದಿನೆಂಟು ತುಂಬದವರಿಗೆ ಕರಾರು ಮಾಡಿಕೊಳ್ಳುವ ಅರ್ಹತೆ ಇಲ್ಲ. ನನಗೆ ಹದಿನೇಳು. ನಾನು ಹೊಣೆ ಎಂದು ನಾನು ಬರೆದುಕೊಟ್ಟರೆ ಆ ಕಾಗದಕ್ಕೆ ಬೆಲೆ ಇಲ್ಲ. ಆದ್ದರಿಂದ ಪತ್ರ ಕಾಲೇಜಿನ ಲೆಟರ್‌ಹೆಡ್ ಮೇಲೆ, ಪ್ರಾಂಶುಪಾಲರ ಸಹಿ ಮತ್ತು ಮೊಹರಿನೊಂದಿಗೆ ಹೋಗಬೇಕು. ಸ್ಥಳದಲ್ಲಿ ಇರುವ ಉಪನ್ಯಾಸಕರ ಹೆಸರು ಮತ್ತು ಫೋನ್ ನಂಬರ್ ಅದರಲ್ಲಿ ಇರಬೇಕು. ವಿದ್ಯಾರ್ಥಿಗಳ ಹೆಸರು ಲಗತ್ತಿನ ಪಟ್ಟಿಯಲ್ಲಿ ಬರುತ್ತದೆ.

ಪ್ರಾಂಶುಪಾಲರು ಸಹಿ ಮಾಡುವ ಮುಂಚೆ ಒಂದು ಪ್ರಶ್ನೆ ಕೇಳಿದರು: "ಈ ವಿಡಿಯೊ ಆಮೇಲೆ ಎಲ್ಲಿಗೆ ಹೋಗತೈತಿ?" ನಮ್ಮಲ್ಲೊಬ್ಬನಿಗೆ ಯೂಟ್ಯೂಬ್ ಚಾನೆಲ್ ಇದೆ. ಅದರಲ್ಲಿ ಹಾಕಿ ಜಾಹೀರಾತಿನ ಹಣ ಬಂದರೆ ಶೈಕ್ಷಣಿಕ ಎಂದು ಬರೆದ ಮಾತು ಸುಳ್ಳಾಗುತ್ತದೆ. ಕಾಲೇಜಿನ ಹೆಸರಿನಲ್ಲಿ ಅನುಮತಿ ಪಡೆದು ಸ್ವಂತಕ್ಕೆ ಬಳಸಿದ ಹಾಗೂ ಆಗುತ್ತದೆ. ಇದನ್ನು ಪತ್ರಕ್ಕೆ ಮುಂಚೆಯೇ ಬಗೆಹರಿಸಿಕೊಳ್ಳಬೇಕು. ಕಾಲೇಜಿನಲ್ಲಿ ತೋರಿಸುವುದು, ಒಂದು ಪ್ರತಿಯನ್ನು ಕಚೇರಿಗೆ ಕೊಡುವುದು, ಹಣ ಬರುವ ಯಾವ ಚಾನೆಲ್‌ನಲ್ಲೂ ಹಾಕದಿರುವುದು ಎಂದು ತೀರ್ಮಾನ ಮಾಡಿದೆವು. ಆ ಮಾತು ಹಾಗೆಯೇ ಪತ್ರಕ್ಕೆ ಹೋಯಿತು.

ಪೂಜೆ ನಡೆಯುವ ಜಾಗ

ಮುಕ್ತೇಶ್ವರ ಬರಿ ಸ್ಮಾರಕ ಅಲ್ಲ, ಜನ ಬಂದು ಕೈ ಮುಗಿಯುವ ಗುಡಿ. ಎಎಸ್‌ಐ ನಿಯಮಗಳಲ್ಲೂ ಚಾವಣಿ ಇರುವ ಒಳಭಾಗದ ಚಿತ್ರೀಕರಣಕ್ಕೆ ಹೊರಭಾಗಕ್ಕಿಂತ ಬಿಗಿ ಹೆಚ್ಚು. ಹೊರಗೆ ನಡೆಯುವ ಕೆಲಸವೂ ಅಲ್ಲಿಗೆ ಬಂದವರ ಓಡಾಟಕ್ಕೆ ಅಡ್ಡಿಯಾಗಬಾರದು ಎಂದಿದೆ. ನಮಗೆ ಬೇಕಾದದ್ದು ಶಾಸನ ಮತ್ತು ಹೊರಗೋಡೆ. ಗರ್ಭಗುಡಿಯಾಗಲಿ ಪೂಜೆಯಾಗಲಿ ಪೂಜೆಗೆ ಬಂದವರ ಮುಖವಾಗಲಿ ನಮ್ಮ ಸ್ಕ್ರಿಪ್ಟ್‌ನಲ್ಲಿ ಇಲ್ಲ. ಇಲ್ಲ ಎಂಬುದನ್ನೂ ಪತ್ರದಲ್ಲಿ ಬರೆಯಬೇಕು. ಏನು ಮಾಡುತ್ತೇವೆ ಎಂದು ಬರೆಯುವವರು ಬಹಳ, ಏನು ಮಾಡುವುದಿಲ್ಲ ಎಂದು ಬರೆಯುವವರು ಕಡಿಮೆ. ಆದರೆ ನಮ್ಮನ್ನು ನೋಡದೆ ಅನುಮತಿ ಕೊಡಬೇಕಾದ ಅಧಿಕಾರಿಗೆ ಎರಡನೆಯದೇ ಹೆಚ್ಚು ಬೇಕಾಗುತ್ತದೆ.

ದಿನ ಆರಿಸುವಾಗಲೂ ಇದನ್ನು ನೋಡಿದೆವು. ಶಿವನ ಗುಡಿಗೆ ಸೋಮವಾರ ಮತ್ತು ಅಮಾವಾಸ್ಯೆಗೆ ಜನ ಹೆಚ್ಚು, ಅವು ಬೇಡ. ಶುಕ್ರವಾರ ನಮಗೆ ಜುಮಾ ಇದೆ. ಭಾನುವಾರ ಪ್ರವಾಸಿಗಳು ಬರುತ್ತಾರೆ. ಉಳಿದ ದಿನಗಳಲ್ಲಿ ಶನಿವಾರ ಆರಿಸಿದೆವು. ಒಂದೇ ತಾರೀಖು ಕೊಡಲಿಲ್ಲ, ಎರಡು ಕೊಟ್ಟೆವು. ಮೊದಲ ದಿನ ಅಲ್ಲಿ ದುರಸ್ತಿ ಕೆಲಸವೋ ಬೇರೆ ಕಾರ್ಯಕ್ರಮವೋ ಇದ್ದರೆ ಎರಡನೆಯದಕ್ಕೆ ಒಪ್ಪಬಹುದು, ಮತ್ತೆ ಪತ್ರ ಬರೆಯುವ ಕೆಲಸ ತಪ್ಪುತ್ತದೆ. ಫೆಬ್ರವರಿಯಲ್ಲಿ ರಂಜಾನ್ ಶುರುವಾಗುವುದರಿಂದ ಜನವರಿಯಲ್ಲೇ ಮುಗಿಸಬೇಕು ಎಂಬುದೂ ನಮ್ಮ ಲೆಕ್ಕದಲ್ಲಿತ್ತು.

ನಾವು ಕಳಿಸಿದ ಪತ್ರ

ಹೆಸರು ಮತ್ತು ನಂಬರುಗಳನ್ನು ಬಿಟ್ಟು ಪತ್ರವನ್ನು ಹಾಗೆಯೇ ಕೊಡುತ್ತಿದ್ದೇನೆ.

ದಿನಾಂಕ: 1-12-2025
ಇಂದ: ಪ್ರಾಂಶುಪಾಲರು, …… ಪದವಿಪೂರ್ವ ಕಾಲೇಜು, ರಾಣೆಬೆನ್ನೂರು
ಗೆ: ಅಧೀಕ್ಷಕ ಪುರಾತತ್ವಜ್ಞರು, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ಧಾರವಾಡ ವೃತ್ತ, ಧಾರವಾಡ

ವಿಷಯ: ರಾಣೆಬೆನ್ನೂರು ತಾಲ್ಲೂಕು ಚೌಡಯ್ಯದಾನಪುರದ ಮುಕ್ತೇಶ್ವರ ದೇವಾಲಯದ ಆವರಣದಲ್ಲಿ, ಸ್ಟ್ಯಾಂಡ್ ಮತ್ತು ದೀಪ ಇಲ್ಲದೆ, ಕೈ ಕ್ಯಾಮೆರಾದಿಂದ ಶೈಕ್ಷಣಿಕ ವಿಡಿಯೊ ಮಾಡಲು ಅನುಮತಿ ಕೋರಿ.

ಮಾನ್ಯರೇ,

ನಮ್ಮ ಕಾಲೇಜಿನ ಐದು ವಿದ್ಯಾರ್ಥಿಗಳು ಮೇಲ್ಕಂಡ ದೇವಾಲಯದ ಶಾಸನಗಳ ಕುರಿತು ಹತ್ತು ನಿಮಿಷದ ಸಾಕ್ಷ್ಯಚಿತ್ರ ಸಿದ್ಧಪಡಿಸುತ್ತಿದ್ದಾರೆ. ಇದಕ್ಕಾಗಿ ದಿನಾಂಕ 17-1-2026ರ ಶನಿವಾರ, ಅದು ಸಾಧ್ಯವಾಗದಿದ್ದರೆ 24-1-2026ರ ಶನಿವಾರ, ಬೆಳಗ್ಗೆ 8ರಿಂದ ಮಧ್ಯಾಹ್ನ 12ರವರೆಗೆ ಅನುಮತಿ ಕೋರುತ್ತೇವೆ.

ಬರುವವರು: ಐದು ವಿದ್ಯಾರ್ಥಿಗಳು, ಒಬ್ಬ ಉಪನ್ಯಾಸಕರು. ಹೆಸರುಗಳ ಪಟ್ಟಿ ಲಗತ್ತಿಸಿದೆ.

ತರುವ ಸಾಮಗ್ರಿ: ಒಂದು ಕ್ಯಾಮೆರಾ, ಎರಡು ಮೊಬೈಲ್, ಒಂದು ಕಾಲರ್ ಮೈಕ್, ಎರಡು ಅಡಿಯ ಒಂದು ಥರ್ಮೋಕೋಲ್ ಹಲಗೆ. ಸ್ಟ್ಯಾಂಡ್, ದೀಪ, ಜನರೇಟರ್, ಡ್ರೋನ್ ತರುವುದಿಲ್ಲ.

ಚಿತ್ರಿಸುವ ಭಾಗ: ಆವರಣದ ಶಾಸನ ಕಲ್ಲುಗಳು ಮತ್ತು ದೇವಾಲಯದ ಹೊರಗೋಡೆ. ದೇವಾಲಯದ ಒಳಭಾಗ, ಗರ್ಭಗುಡಿ, ಪೂಜೆ ಮತ್ತು ಭಕ್ತರನ್ನು ಚಿತ್ರಿಸುವುದಿಲ್ಲ.

ಸ್ಮಾರಕದ ಯಾವ ಭಾಗವನ್ನೂ ಮುಟ್ಟುವುದಿಲ್ಲ, ಏರುವುದಿಲ್ಲ; ನೀರು, ಸುಣ್ಣ, ಎಣ್ಣೆ ಹಚ್ಚುವುದಿಲ್ಲ; ಅಚ್ಚು ತೆಗೆಯುವುದಿಲ್ಲ. ಆವರಣದಲ್ಲಿ ಊಟ ತಿಂಡಿ ಮಾಡುವುದಿಲ್ಲ. ಸ್ಥಳದ ಸಿಬ್ಬಂದಿಯ ಸೂಚನೆ ಪಾಲಿಸುತ್ತೇವೆ.

ವಿಡಿಯೊವನ್ನು ಕಾಲೇಜಿನಲ್ಲಿ ಪ್ರದರ್ಶಿಸಲಾಗುವುದು. ಹಣ ಗಳಿಕೆಗೆ ಬಳಸುವುದಿಲ್ಲ. ಒಂದು ಪ್ರತಿಯನ್ನು ತಮ್ಮ ಕಚೇರಿಗೆ ಸಲ್ಲಿಸುತ್ತೇವೆ.

ಮೇಲಿನ ಕೆಲಸಕ್ಕೆ 1959ರ ನಿಯಮಗಳ ಅಡಿ ಪರವಾನಗಿ ಅಗತ್ಯವೆಂದು ತಾವು ಭಾವಿಸಿದಲ್ಲಿ ನಮೂನೆ ಮತ್ತು ಶುಲ್ಕದ ವಿವರ ತಿಳಿಸಬೇಕಾಗಿ ವಿನಂತಿ. ಯಾವುದಾದರೂ ಒಂದು ಅಂಶಕ್ಕೆ ಒಪ್ಪಿಗೆ ಇಲ್ಲದಿದ್ದರೆ ಅದನ್ನು ಬಿಟ್ಟು ಉಳಿದದ್ದಕ್ಕೆ ಅನುಮತಿ ನೀಡಬೇಕೆಂದು ಕೋರುತ್ತೇವೆ.

ಸ್ಥಳದಲ್ಲಿ ಜವಾಬ್ದಾರರು: ಶ್ರೀ ……, ಇತಿಹಾಸ ಉಪನ್ಯಾಸಕರು, ಮೊಬೈಲ್ ……

ತಮ್ಮ ವಿಶ್ವಾಸಿ,
ಪ್ರಾಂಶುಪಾಲರು (ಸಹಿ, ಮೊಹರು)

ಲಗತ್ತು: ಹೆಸರುಗಳ ಪಟ್ಟಿ, ಗುರುತಿನ ಚೀಟಿಗಳ ನಕಲು, ಒಂದು ಪುಟದ ಕಥಾಸಾರ, ಆವರಣದ ಕೈನಕ್ಷೆ.

ಪತ್ರದ ವಿಷಯದ ಸಾಲನ್ನು ಇನ್ನೊಮ್ಮೆ ನೋಡಿ. ಮೊದಲ ಕರಡಿನಲ್ಲಿ "ಸಾಕ್ಷ್ಯಚಿತ್ರದ ಚಿತ್ರೀಕರಣಕ್ಕೆ ಅನುಮತಿ" ಎಂದಿತ್ತು. ಸರ್ ಅದನ್ನು ಹೊಡೆದುಹಾಕಿದರು. ಚಿತ್ರೀಕರಣ ಎಂಬ ಒಂದೇ ಪದದಿಂದ ಪತ್ರ ಪರವಾನಗಿ ಮತ್ತು ಶುಲ್ಕದ ಕಡತಕ್ಕೆ ಹೋಗಬಹುದು. ಹಾಗೆಂದು ಏನನ್ನೂ ಮುಚ್ಚಿಡಬಾರದು. ಸಾಕ್ಷ್ಯಚಿತ್ರ ಎಂದು ಕೆಳಗೆ ಸ್ಪಷ್ಟವಾಗಿ ಬರೆದಿದ್ದೇವೆ, ಮೇಲಿನ ಸಾಲಿನಲ್ಲಿ ಕೆಲಸದ ನಿಜವಾದ ಅಳತೆ ಹೇಳಿದ್ದೇವೆ.

ಕೊನೆಯ ಕೋರಿಕೆಯೂ ಹಾಗೇ. ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೇಳಿದರೆ ಒಂದು ಅಂಶ ಸರಿಯಿಲ್ಲದಿದ್ದರೂ ಇಡೀ ಪತ್ರಕ್ಕೆ ಇಲ್ಲ ಎನ್ನಬೇಕಾಗುತ್ತದೆ. ಬಿಡಿ ಬಿಡಿಯಾಗಿ ಕೇಳಿದರೆ ಥರ್ಮೋಕೋಲ್ ಬೇಡ, ಉಳಿದದ್ದು ಆಗಲಿ ಎನ್ನಲು ಅವರಿಗೆ ಜಾಗ ಇರುತ್ತದೆ.

ಪತ್ರದ ಇಂಗ್ಲಿಷ್ ಪ್ರತಿಯನ್ನೂ ಜೊತೆಗೆ ಇಟ್ಟೆವು. ಕೇಂದ್ರದ ಇಲಾಖೆಯಾದ್ದರಿಂದ ಬೇರೆ ರಾಜ್ಯದ ಅಧಿಕಾರಿಗಳೂ ಇರಬಹುದು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಂಡಿದ್ದೇವೆ. ಕೈಯಲ್ಲಿ ಕೊಡುವವರು ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಆಮೇಲೆ ಫೋನ್ ಮಾಡಿ ವಿಚಾರಿಸುವಾಗ "ಒಂದು ಪತ್ರ ಕೊಟ್ಟಿದ್ದೆವು" ಎನ್ನುವುದಕ್ಕೂ "ಇಂಥ ತಾರೀಖಿನ ಪತ್ರ" ಎನ್ನುವುದಕ್ಕೂ ವ್ಯತ್ಯಾಸ ಇದೆ.

ಮನೆಯಲ್ಲಿ ಓದಿದ ಪತ್ರ

ಈ ಪತ್ರ ಧಾರವಾಡಕ್ಕೆ ಹೋಗುವ ಮುಂಚೆ ನಮ್ಮ ಮನೆಯಲ್ಲೂ ಒಂದು ಕೆಲಸ ಮಾಡಿತು. ಹುಡುಗರ ಜೊತೆ ನದಿ ದಡದ ಊರಿಗೆ ಶೂಟಿಂಗ್‌ಗೆ ಹೋಗುತ್ತೇನೆ ಎಂದಾಗ ಅಬ್ಬಾ ಬೇಡ ಎಂದಿದ್ದರು. ನಮ್ಮ ತಂಡದ ಇನ್ನೊಬ್ಬ ಹುಡುಗಿಯ ಮನೆಯಲ್ಲೂ ಇದೇ ಮಾತು. ನಾನು ವಾದ ಮಾಡಲಿಲ್ಲ, ಪತ್ರದ ನಕಲನ್ನು ಕೊಟ್ಟೆ. ಅಬ್ಬಾ ಅದನ್ನು ಉರ್ದುವಿನಲ್ಲಿ ಅಮ್ಮಿಗೆ ಹೇಳುತ್ತಾ ಓದಿದರು. ಅರ್ಜಿ, ತಾರೀಖು, ಮೊಹರು, ನಕಲು, ಮಂಜೂರು ಎಂಬ ಕಚೇರಿಯ ಮಾತುಗಳು ನಮ್ಮ ಮನೆಯ ಉರ್ದುವಿನಲ್ಲೂ ಇರುವುದರಿಂದ ಅಮ್ಮಿಗೆ ಅರ್ಧ ಪತ್ರ ಹೇಳದೆಯೇ ತಿಳಿಯಿತು. ಎಷ್ಟು ಜನ, ಜೊತೆಗೆ ಯಾವ ಸರ್, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಯಾರ ನಂಬರಿಗೆ ಫೋನ್ ಮಾಡಬೇಕು ಎಂಬ ಅವರ ಎಲ್ಲ ಪ್ರಶ್ನೆಗೂ ಅದರಲ್ಲೇ ಉತ್ತರ ಇತ್ತು. ಅಬ್ಬಾ ಒಂದೇ ತಿದ್ದುಪಡಿ ಕೇಳಿದರು: ಹೋಗಿಬರುವ ವಾಹನ ಯಾವುದು ಎಂದು ಇಲ್ಲ. ಅದು ಇಲಾಖೆಗೆ ಬೇಕಾದ ವಿಷಯ ಅಲ್ಲ. ಆದ್ದರಿಂದ ಪೋಷಕರ ಒಪ್ಪಿಗೆ ಪತ್ರದಲ್ಲಿ ಸೇರಿಸಿದೆವು. ಅದಕ್ಕೆ ಐದೂ ಮನೆಯವರು ರುಜು ಹಾಕಿದ್ದಾರೆ.

ಉತ್ತರ ಬಂದ ಮೇಲೆ

ಇದನ್ನು ಬರೆಯುವ ಹೊತ್ತಿಗೆ ನಾವು ಉತ್ತರಕ್ಕೆ ಕಾಯುತ್ತಿದ್ದೇವೆ. ಉತ್ತರ ಬಾರದಿರುವುದು ಒಪ್ಪಿಗೆ ಅಲ್ಲ. ಜನವರಿ 17ರೊಳಗೆ ಬಾರದಿದ್ದರೆ 24ಕ್ಕೆ, ಆಗಲೂ ಬಾರದಿದ್ದರೆ ರಂಜಾನ್ ಮುಗಿದ ಮೇಲಿನ ಬೇರೆ ತಾರೀಖಿಗೆ ಎಂದು ನಿರ್ಧರಿಸಿದ್ದೇವೆ. ಅಲ್ಲಿಯವರೆಗೆ ಅನುಮತಿ ಬೇಕಿಲ್ಲದ ಕೆಲಸಗಳನ್ನು ಮುಗಿಸುತ್ತೇವೆ. ಸರ್ ಅವರ ಸಂದರ್ಶನ ಕಾಲೇಜಿನಲ್ಲಿ ಆಗಿದೆ. ಹಿನ್ನೆಲೆ ಮಾತಿನ ಧ್ವನಿ ಮುದ್ರಣ ನಡೆಯುತ್ತಿದೆ.

ಅನುಮತಿ ಬಂದರೆ ಮೊದಲು ಮಾಡಬೇಕಾದ್ದು ಅದರ ಷರತ್ತುಗಳನ್ನು ನಮ್ಮ ಪತ್ರದ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸುವುದು. ನಾವು ಕೇಳಿದ್ದರಲ್ಲಿ ಏನನ್ನು ಅವರು ಬರೆದಿಲ್ಲವೋ ಅದು ಸಿಕ್ಕಿಲ್ಲ ಎಂದೇ ತಿಳಿಯಬೇಕು. ಆ ದಿನ ಆದೇಶದ ಮೂರು ಮುದ್ರಿತ ಪ್ರತಿಗಳನ್ನು ಒಯ್ಯುತ್ತೇವೆ: ಒಂದು ಕಾವಲುಗಾರರಿಗೆ, ಒಂದು ಸರ್ ಹತ್ತಿರ, ಒಂದು ಕ್ಯಾಮೆರಾ ಚೀಲದಲ್ಲಿ. ಮೊಬೈಲಿನಲ್ಲಿ ತೋರಿಸಿದರೆ ಸಾಲದೇ ಎಂದರೆ, ನದಿ ದಡದಲ್ಲಿ ಸಿಗ್ನಲ್ ಮತ್ತು ಬ್ಯಾಟರಿ ಎರಡನ್ನೂ ನಂಬಲಾಗದು. ಕಾವಲುಗಾರರಿಗೆ ತಮ್ಮ ಮೇಲಿನವರಿಗೆ ತೋರಿಸಲು ಕಾಗದವೇ ಬೇಕು. ಕೆಲಸ ಶುರುವಾಗುವ ಮುಂಚೆ ಶಾಸನ ಕಲ್ಲುಗಳ ಮತ್ತು ಸುತ್ತಲಿನ ನೆಲದ ನಾಲ್ಕಾರು ಫೋಟೊ ತೆಗೆದು, ಮುಗಿದ ಮೇಲೆ ಅದೇ ಜಾಗದಿಂದ ಇನ್ನೊಮ್ಮೆ ತೆಗೆಯುತ್ತೇವೆ. ಮೊದಲಿನಿಂದಲೇ ಇದ್ದ ಬಿರುಕನ್ನು ನಾಳೆ ಯಾರಾದರೂ ನಮ್ಮ ಲೆಕ್ಕಕ್ಕೆ ಬರೆದರೆ ಆ ಫೋಟೊಗಳೇ ನಮ್ಮ ದಾಖಲೆ.